ಬಾರ್‌ನ ತೂಕ ಏರುತ್ತಿಲ್ಲವೇ? ಎಲ್ಲಿ ಸಿಕ್ಕಿಕೊಂಡಿದೆ ಎಂದು ಕಂಡುಹಿಡಿಯುವ ಬಗೆ

"ಎರಡು ತಿಂಗಳಿಂದ ಬೆಂಚ್ ಪ್ರೆಸ್ 60 ಕೆ.ಜಿ.ಯಲ್ಲೇ ನಿಂತಿದೆ, ಏನು ಮಾಡಲಿ?" ಈ ಪ್ರಶ್ನೆ ನನಗೆ ಹೆಚ್ಚುಕಡಿಮೆ ಪ್ರತಿ ವಾರ ಬರುತ್ತದೆ. ಕೇಳಿದವರಲ್ಲಿ ಹೆಚ್ಚಿನವರು ಅಷ್ಟರೊಳಗೆ ಏನಾದರೂ ಬದಲಾಯಿಸಿಯೇ ಇರುತ್ತಾರೆ. ಒಬ್ಬರು ಹೊಸ ಪ್ರೋಟೀನ್ ಡಬ್ಬ ತಂದಿರುತ್ತಾರೆ, ಇನ್ನೊಬ್ಬರು ವರ್ಕೌಟ್ ಪಟ್ಟಿಯನ್ನೇ ಬದಲಿಸಿರುತ್ತಾರೆ, ಮತ್ತೊಬ್ಬರು ವಾರಕ್ಕೆ ಇನ್ನೊಂದು ದಿನ ಜಾಸ್ತಿ ಜಿಮ್‌ಗೆ ಹೋಗುತ್ತಿರುತ್ತಾರೆ. ಕಾರಣ ಗೊತ್ತಾಗುವ ಮೊದಲೇ ಔಷಧಿ ಶುರುವಾಗಿರುತ್ತದೆ.

ಹೀಗೆ ಶಕ್ತಿ ಏರದೆ ನಿಲ್ಲುವುದನ್ನು ಜಿಮ್‌ನಲ್ಲಿ ಪ್ಲ್ಯಾಟೋ ಎನ್ನುತ್ತಾರೆ. ಕಾರಣ ಸಾಮಾನ್ಯವಾಗಿ ನಾಲ್ಕು ಕಡೆ ಇರುತ್ತದೆ: ಒಟ್ಟು ಊಟ, ಪ್ರೋಟೀನ್, ನಿದ್ದೆ, ಮತ್ತು ತರಬೇತಿಯ ಹೊರೆ. ಇವುಗಳಲ್ಲಿ ನಿಮ್ಮದು ಯಾವುದು ಎಂದು ಬೇರ್ಪಡಿಸುವುದು ಹೇಗೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ಜೊತೆಗೆ ಹುಬ್ಬಳ್ಳಿಯ ಓದುಗರೊಬ್ಬರ ಡೈರಿಯನ್ನೂ ನೋಡುತ್ತಾ ಹೋಗೋಣ. ಅವರಿಗೆ 29 ವರ್ಷ, ಮೈತೂಕ 72 ಕೆ.ಜಿ., ಜಿಮ್‌ಗೆ ಸೇರಿ 14 ತಿಂಗಳಾಗಿತ್ತು. ಬೆಂಚ್ ಪ್ರೆಸ್ 60 ಕೆ.ಜಿ., ಸ್ಕ್ವಾಟ್ 85, ಡೆಡ್‌ಲಿಫ್ಟ್ 105. ಮೂರರಲ್ಲೂ 5 ರೆಪ್, ಅಂದರೆ ನಡುವೆ ವಿರಾಮವಿಲ್ಲದೆ ಐದು ಸಲ ಎತ್ತುವುದು. ಐದು ವಾರದಿಂದ ಅಷ್ಟೇ.

ಬೇಕಾಗುವುದು ಇಷ್ಟು: ಒಂದು ನೋಟ್‌ಬುಕ್, ಮನೆಯಲ್ಲಿ ಮೈತೂಕ ನೋಡುವ ಯಂತ್ರ, ಸಾಧ್ಯವಾದರೆ ಅಡುಗೆಮನೆಯ ಸಣ್ಣ ತಕ್ಕಡಿ.

ಹಂತ 1: ನಿಜವಾಗಿಯೂ ನಿಂತಿದೆಯೇ ನೋಡಿ

ಒಂದು ವಾರ ಕೆಟ್ಟದಾಗಿ ಹೋದರೆ ಅದು ಪ್ಲ್ಯಾಟೋ ಅಲ್ಲ. ಒಂದೇ ವ್ಯಾಯಾಮ, ಅದೇ ಫಾರ್ಮ್, ಸೆಟ್‌ಗಳ ನಡುವೆ ಅಷ್ಟೇ ವಿರಾಮ, ಇಷ್ಟಿದ್ದೂ 4 ವಾರ ತೂಕವಾಗಲಿ ರೆಪ್ ಆಗಲಿ ಏರಿಲ್ಲ ಎಂದರೆ ಆಗ ನಿಂತಿದೆ ಎನ್ನಬಹುದು.

ಇಲ್ಲಿ ಎರಡು ತಪ್ಪು ಲೆಕ್ಕ ನಡೆಯುತ್ತದೆ. ಮೊದಲನೆಯದು, ಬರೀ ತೂಕ ನೋಡುವುದು. ಬೇರೆ ಬೇರೆ ರೆಪ್‌ಗಳನ್ನು ಹೋಲಿಸಲು ಎಪ್ಲೀ ಸೂತ್ರ ಎಂಬ ಸರಳ ಲೆಕ್ಕವಿದೆ. ನೀವು ಒಂದೇ ಒಂದು ಸಲ ಎಷ್ಟು ಎತ್ತಬಲ್ಲಿರಿ ಎಂಬ ಅಂದಾಜನ್ನು ಅದು ಕೊಡುತ್ತದೆ:

ತೂಕ × (1 + ರೆಪ್ ÷ 30)

60 ಕೆ.ಜಿ. 5 ರೆಪ್ ಎಂದರೆ ಅಂದಾಜು 70 ಕೆ.ಜಿ. 62.5 ಕೆ.ಜಿ. 3 ರೆಪ್ ಎಂದರೆ 68.8. ಬಾರ್‌ಗೆ ತೂಕ ಸೇರಿಸಿದ್ದೀರಿ, ಆದರೆ ಶಕ್ತಿ ಏರಿಲ್ಲ. ಅದೇ 57.5 ಕೆ.ಜಿ.ಯನ್ನು 8 ಸಲ ಎತ್ತಿದರೆ 72.8. ತೂಕ ಇಳಿದಂತೆ ಕಂಡರೂ ನೀವು ಮುಂದೆ ಹೋಗಿದ್ದೀರಿ. ಹತ್ತು ರೆಪ್ ದಾಟಿದ ಮೇಲೆ ಈ ಸೂತ್ರವನ್ನು ಜಾಸ್ತಿ ನಂಬಬೇಡಿ.

ಎರಡನೆಯದು, ಮೊದಲ ಆರು ತಿಂಗಳ ವೇಗವನ್ನೇ ಮುಂದೆಯೂ ಬಯಸುವುದು. ಹೊಸಬರಿಗೆ ವಾರವಾರವೂ 2.5 ಕೆ.ಜಿ. ಏರುತ್ತದೆ. ವರ್ಷ ದಾಟಿದವರಿಗೆ ಬೆಂಚ್ ಪ್ರೆಸ್‌ನಲ್ಲಿ ತಿಂಗಳಿಗೆ 1 ರಿಂದ 2.5 ಕೆ.ಜಿ. ಸಿಕ್ಕರೂ ಒಳ್ಳೆಯದೇ. ನಿಮ್ಮದು ಹಾಗೆ ಏರುತ್ತಿದ್ದರೆ ಮುಂದಿನ ಹಂತಗಳು ನಿಮಗೆ ಬೇಡ. ಇದ್ದದ್ದನ್ನೇ ಮುಂದುವರಿಸಿ.

ಹಂತ 2: ಎರಡು ವಾರ ಏನೂ ಬದಲಿಸದೆ ಬರೆದಿಡಿ

ಇದು ಜನರಿಗೆ ಕಷ್ಟವಾಗುವ ಹಂತ. ತಾಳ್ಮೆ ಇರುವುದಿಲ್ಲ. ಆದರೆ ಇದನ್ನು ಬಿಟ್ಟರೆ ಮುಂದಿನದೆಲ್ಲ ಊಹೆಯಾಗುತ್ತದೆ. ದಿನವೂ ನಾಲ್ಕು ಸಂಗತಿ ಬರೆಯಿರಿ:

- ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮೊದಲು ಮೈತೂಕ.
- ತಿಂದದ್ದು, ಕುಡಿದದ್ದು. ಕಾಫಿಗೆ ಹಾಕಿದ ಹಾಲೂ, ಒಗ್ಗರಣೆಯ ಎಣ್ಣೆಯೂ ಸೇರಲಿ.
- ಮಲಗಿದ ಹೊತ್ತು, ಎದ್ದ ಹೊತ್ತು.
- ಜಿಮ್‌ನಲ್ಲಿ ಪ್ರತಿ ಸೆಟ್‌ನ ತೂಕ, ರೆಪ್, ಮತ್ತು ಸೆಟ್ ಮುಗಿದಾಗ ಇನ್ನೆಷ್ಟು ರೆಪ್ ಆಗುತ್ತಿತ್ತು ಎಂಬ ಅಂದಾಜು.

ಈ ಕೊನೆಯದನ್ನು 'ಉಳಿಸಿದ ರೆಪ್' ಎಂದು ಕರೆಯೋಣ. ಇನ್ನೊಂದು ಸಲವೂ ಎತ್ತಲಾಗದ ತನಕ ಹೋದರೆ ಉಳಿದದ್ದು 0. ಜಿಮ್‌ನವರು ಇದಕ್ಕೆ ಫೇಲ್ಯೂರ್ ಎನ್ನುತ್ತಾರೆ. ಇದನ್ನು ಅಲ್ಲೇ, ಸೆಟ್ ಮುಗಿದ ಕೂಡಲೇ ಬರೆಯಬೇಕು. ಮನೆಗೆ ಹೋಗಿ ನೆನಪಿಸಿಕೊಂಡು ಬರೆದದ್ದು ನಿಜವಾಗಿರುವುದಿಲ್ಲ.

ನೋಟ್‌ಬುಕ್‌ನಲ್ಲಿ ಬರೆಯುತ್ತೇವೆ ಎಂಬ ಕಾರಣಕ್ಕೇ ಕೆಲವರು ಆ ಎರಡು ವಾರ ಚೆನ್ನಾಗಿ ತಿನ್ನುತ್ತಾರೆ, ಬೇಗ ಮಲಗುತ್ತಾರೆ. ಹಾಗೆ ಮಾಡಬೇಡಿ. ಭಾನುವಾರದ ಬಾಡೂಟವನ್ನೂ, ರಾತ್ರಿ ಒಂದರವರೆಗೆ ನೋಡಿದ ಸೀರಿಯಲ್ಲನ್ನೂ ಹಾಗೇ ಬರೆಯಿರಿ.

ಹಂತ 3: ಒಂದೇ ಲಿಫ್ಟ್ ನಿಂತಿದೆಯೋ, ಎಲ್ಲವೂ ನಿಂತಿವೆಯೋ?

ಇಡೀ ಹುಡುಕಾಟದಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವ ಪ್ರಶ್ನೆ ಇದು. ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಸ್ಕ್ವಾಟ್, ಡೆಡ್‌ಲಿಫ್ಟ್, ಬೆಂಚ್, ರೋಯಿಂಗ್ ಎಲ್ಲವೂ ಒಟ್ಟಿಗೆ ನಿಂತಿದ್ದರೆ ಇಡೀ ದೇಹಕ್ಕೆ ತಟ್ಟುವ ಕಾರಣ ಹುಡುಕಬೇಕು. ಅಂದರೆ ಊಟ, ನಿದ್ದೆ, ಅಥವಾ ತಿಂಗಳುಗಟ್ಟಲೆ ಸೇರಿಕೊಂಡ ದಣಿವು. ಊಟ ಕಡಿಮೆಯಾದರೆ ಅದು ಎದೆಗೆ ಮಾತ್ರ ಕಡಿಮೆಯಾಗುವುದಿಲ್ಲ, ಅಲ್ವಾ? ಉಳಿದವು ಏರುತ್ತಾ ಒಂದೇ ಒಂದು ನಿಂತಿದ್ದರೆ ಊಟ-ನಿದ್ದೆಯ ಮೇಲೆ ಅನುಮಾನ ಪಡುವುದು ದಂಡ. ಆಗ ಆ ಲಿಫ್ಟ್‌ನ ಹೊರೆಯನ್ನೇ ನೋಡಬೇಕು. ನೇರವಾಗಿ ಹಂತ 7ಕ್ಕೆ ಹೋಗಿ.

ಹುಬ್ಬಳ್ಳಿಯವರದು ಮೂರೂ ನಿಂತಿದ್ದವು. ಅವರಿಗೆ ಮಾತ್ರ ಬೆಂಚ್‌ನದೇ ಚಿಂತೆ. ಗೆಳೆಯರು ಕೇಳುವುದು ಅದನ್ನೇ ನೋಡಿ. ಸ್ಕ್ವಾಟ್ ನಿಂತದ್ದನ್ನು ಅವರು ಗಮನಿಸಿಯೇ ಇರಲಿಲ್ಲ.

ಹಂತ 4: ಕ್ಯಾಲೊರಿ. ತಟ್ಟೆಗಿಂತ ಮೊದಲು ಯಂತ್ರವನ್ನು ಕೇಳಿ

ತಿಂದದ್ದರ ಕ್ಯಾಲೊರಿ ಲೆಕ್ಕ ಹಾಕುವುದು ಕಷ್ಟ. ನಮ್ಮ ಮನೆಯ ಅಡುಗೆಯಲ್ಲಂತೂ ಇನ್ನೂ ಕಷ್ಟ. ಒಂದು ಊಟದ ಚಮಚ ಎಣ್ಣೆಗೆ ಸುಮಾರು 120 ಕ್ಯಾಲೊರಿ. ಪಲ್ಯಕ್ಕೆ ಎಷ್ಟು ಎಣ್ಣೆ ಬಿತ್ತು ಎಂದು ಯಾರು ಅಳೆದಿರುತ್ತಾರೆ? ಆದ್ದರಿಂದ ಲೆಕ್ಕವನ್ನು ಇನ್ನೊಂದು ತುದಿಯಿಂದ ಮಾಡಿ. ತಿಂದದ್ದು ಸಾಕಾಗುತ್ತಿದೆಯೋ ಇಲ್ಲವೋ ಎಂಬುದನ್ನು ಮೈತೂಕವೇ ಹೇಳುತ್ತದೆ.

ಒಂದು ದಿನದ ತೂಕ ನಂಬಬೇಡಿ. ಉಪ್ಪು, ನೀರು, ಹಿಂದಿನ ರಾತ್ರಿಯ ಊಟದಿಂದ ಅದು ಒಂದು ಕೆ.ಜಿ.ಯಷ್ಟು ಸುಲಭವಾಗಿ ಆಚೀಚೆ ಆಗುತ್ತದೆ. ಏಳು ದಿನದ ತೂಕ ಕೂಡಿಸಿ ಏಳರಿಂದ ಭಾಗಿಸಿ, ವಾರದ ಸರಾಸರಿಗಳನ್ನು ಹೋಲಿಸಿ. ಮಹಿಳೆಯರು ತಿಂಗಳ ಚಕ್ರದ ಒಂದು ವಾರವನ್ನು ಹಿಂದಿನ ಚಕ್ರದ ಅದೇ ವಾರದ ಜೊತೆ ಹೋಲಿಸುವುದು ಒಳ್ಳೆಯದು. ಮುಟ್ಟಿನ ಮುಂಚಿನ ದಿನಗಳಲ್ಲಿ ದೇಹ ನೀರು ಹಿಡಿದಿಟ್ಟುಕೊಂಡು ಲೆಕ್ಕ ತಪ್ಪಿಸಬಹುದು. ಹೊಸದಾಗಿ ಕ್ರಿಯಾಟೀನ್ ಶುರುಮಾಡಿದ್ದರೂ ಅಷ್ಟೇ. ಮೊದಲ ಕೆಲವು ವಾರ ಏರುವ ಒಂದು ಕೆ.ಜಿ.ಯಷ್ಟು ತೂಕ ಹೆಚ್ಚಾಗಿ ನೀರಿನದು.

ಹುಬ್ಬಳ್ಳಿಯವರಿಗೆ ಮೊದಲೇ ಬೆಳಿಗ್ಗೆ ತೂಕ ನೋಡುವ ಅಭ್ಯಾಸವಿದ್ದದ್ದರಿಂದ ನಾಲ್ಕು ವಾರದ ಸರಾಸರಿ ಸಿಕ್ಕಿತು: 73.2, 72.9, 72.5, 72.2. ಮೂರು ವಾರದ ಅಂತರದಲ್ಲಿ ಒಂದು ಕೆ.ಜಿ. ಇಳಿದಿದೆ. ಒಂದು ಕೆ.ಜಿ. ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಎಂದು ಹಿಡಿದರೆ, 21 ದಿನಕ್ಕೆ ಹಂಚಿದಾಗ ದಿನಕ್ಕೆ 365ರಷ್ಟು ಕೊರತೆ. ತೂಕ ಇಳಿಸುವ ಉದ್ದೇಶ ಅವರಿಗೆ ಇರಲೇ ಇಲ್ಲ. ಸಂಜೆಯ ಗಿರ್ಮಿಟ್-ಮಿರ್ಚಿ ಬಿಟ್ಟಿದ್ದರು, ಊಟವಾದ ಮೇಲೆ ಅರ್ಧ ಗಂಟೆ ನಡೆಯಲು ಶುರುಮಾಡಿದ್ದರು. ಎರಡೂ ಒಳ್ಳೆಯ ಅಭ್ಯಾಸವೇ. ಆದರೆ ಬಿಟ್ಟ ತಿಂಡಿಯ ಜಾಗಕ್ಕೆ ಬೇರೆ ಏನೂ ಬಂದಿರಲಿಲ್ಲ.

ನಿಮ್ಮ ಸರಾಸರಿ ಇಳಿಯುತ್ತಿದ್ದರೆ ದಿನಕ್ಕೆ ಎಷ್ಟು ಕಡಿಮೆ ಬಿದ್ದಿದೆ ಎಂದು ಹೀಗೇ ಲೆಕ್ಕ ಹಾಕಿ, ಅಷ್ಟನ್ನು ತುಂಬಿಸಿ, ಅದರ ಮೇಲೆ 150-200 ಕ್ಯಾಲೊರಿ ಸೇರಿಸಿ. ಸರಾಸರಿ ನಿಂತಲ್ಲೇ ಇದ್ದರೆ 200ರಷ್ಟು ಸೇರಿಸಿ ನೋಡಬಹುದು. ಏರುತ್ತಲೇ ಇದ್ದರೆ ಕ್ಯಾಲೊರಿ ಕಾರಣವಲ್ಲ, ಇನ್ನೂ ಜಾಸ್ತಿ ತಿಂದರೆ ಹೊಟ್ಟೆಯ ಸುತ್ತಳತೆ ಮಾತ್ರ ಬೆಳೆಯುತ್ತದೆ. ಇನ್ನು ಬೇಕೆಂದೇ ತೂಕ ಇಳಿಸುತ್ತಿರುವವರಿಗೆ ಒಂದು ಮಾತು. ಆ ತಿಂಗಳುಗಳಲ್ಲಿ ಇದ್ದ ಶಕ್ತಿ ಉಳಿದರೆ ಅದೇ ಗೆಲುವು. ಅದನ್ನು ಪ್ಲ್ಯಾಟೋ ಎಂದುಕೊಂಡು ಕೊರಗಬೇಡಿ.

ಹಂತ 5: ಪ್ರೋಟೀನ್. ಒಂದು ದಿನದ ತಟ್ಟೆಯನ್ನು ಎಣಿಸಿ

ತೂಕ ಎತ್ತುವವರಿಗೆ ಮೈತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 1.6 ಗ್ರಾಂ ಪ್ರೋಟೀನ್ ಗುರಿ ಸಾಕು. ಅದಕ್ಕಿಂತ ಎಷ್ಟೋ ಹೆಚ್ಚು ತಿಂದರೂ ಸ್ನಾಯುವಿಗೆ ಸಿಗುವ ಲಾಭ ಅಷ್ಟೇನೂ ಏರುವುದಿಲ್ಲ. 72 ಕೆ.ಜಿ.ಗೆ ಇದು 115 ಗ್ರಾಂ. ಮೈತೂಕ ತೀರಾ ಜಾಸ್ತಿ ಇರುವವರು ತಮ್ಮ ಎತ್ತರಕ್ಕೆ ಸರಿಯಾದ ತೂಕದ ಮೇಲೆ ಲೆಕ್ಕ ಹಾಕಲಿ. ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಪ್ರೋಟೀನ್ ಏರಿಸಬಾರದು.

ಹುಬ್ಬಳ್ಳಿಯವರು ತಾವು 100 ಗ್ರಾಂ ತಿನ್ನುತ್ತಿದ್ದೇವೆ ಎಂದುಕೊಂಡಿದ್ದರು. ಡೈರಿಯಲ್ಲಿ ಇದ್ದದ್ದು ಇದು. ಬೆಳಿಗ್ಗೆ ಉಪ್ಪಿಟ್ಟು, ಚಹಾ: 8 ಗ್ರಾಂ. ಮಧ್ಯಾಹ್ನ ಎರಡು ಜೋಳದ ರೊಟ್ಟಿ, ಸಣ್ಣ ಬಟ್ಟಲು ಕಾಳಿನ ಪಲ್ಯ, ಅನ್ನ-ಸಾರು, ಸ್ವಲ್ಪ ಮೊಸರು: 21. ಸಂಜೆ ಒಂದು ಹಿಡಿ ಶೇಂಗಾ, ಚಹಾ: 10. ಜಿಮ್ ಮುಗಿದ ಮೇಲೆ ಎರಡು ಮೊಟ್ಟೆ: 12. ರಾತ್ರಿ ಎರಡು ಚಪಾತಿ, ಅನ್ನ, ಬೇಳೆ: 14. ಒಟ್ಟು 65.

ಲೆಕ್ಕ ತಪ್ಪುವುದು ಹೆಚ್ಚಾಗಿ ಬೇಳೆಯಲ್ಲಿ. ತೊಗರಿಬೇಳೆಯಲ್ಲಿ 100 ಗ್ರಾಂಗೆ 22 ಗ್ರಾಂ ಪ್ರೋಟೀನ್ ಎಂದು ಓದಿರುತ್ತೇವೆ. ಅದು ಒಣ ಬೇಳೆಯ ಲೆಕ್ಕ. ಒಂದು ಬಟ್ಟಲು ತಿಳಿ ಸಾರಿನಲ್ಲಿ 15-20 ಗ್ರಾಂ ಒಣ ಬೇಳೆ ಇದ್ದರೆ ಹೆಚ್ಚು. ಅಂದರೆ ಸಿಗುವುದು 4 ಗ್ರಾಂ. ಶೇಂಗಾ ಕೂಡ ಹಾಗೆಯೇ. ಪ್ರೋಟೀನ್ ಇದೆ ನಿಜ, ಆದರೆ 50 ಗ್ರಾಂ ಪ್ರೋಟೀನ್ ಶೇಂಗಾದಿಂದಲೇ ಬೇಕೆಂದರೆ 200 ಗ್ರಾಂ ತಿನ್ನಬೇಕು, ಅದರ ಜೊತೆ ಸಾವಿರಕ್ಕೂ ಮೀರಿ ಕ್ಯಾಲೊರಿ ಬರುತ್ತದೆ.

ಕಡಿಮೆ ಬಿದ್ದ 50 ಗ್ರಾಂ ತುಂಬಿಸಿದ್ದು ಹೀಗೆ. ಉಪ್ಪಿಟ್ಟಿನ ಜೊತೆ ಎರಡು ಬೇಯಿಸಿದ ಮೊಟ್ಟೆ (12). ಮಧ್ಯಾಹ್ನ ಕಾಳಿನ ಪಲ್ಯ ಎರಡರಷ್ಟು (5), ಮೊಸರು ಇನ್ನೂ 200 ಗ್ರಾಂ (7). ರಾತ್ರಿ 50 ಗ್ರಾಂ ಒಣ ಸೋಯಾ ಚಂಕ್ಸ್ ನೆನೆಸಿ, ಹಿಂಡಿ, ಪಲ್ಯ (26). ಇಷ್ಟರಿಂದ ಸುಮಾರು 520 ಕ್ಯಾಲೊರಿಯೂ ಬಂತು. ಹಿಂದಿನ ಹಂತದ ಕೊರತೆ ತುಂಬಿ 150ರಷ್ಟು ಉಳಿಯಿತು. ಒಂದೇ ಬದಲಾವಣೆ ಎರಡೂ ಕಡೆ ಕೆಲಸ ಮಾಡಿತು. ಮೊಟ್ಟೆ ತಿನ್ನದವರು ಆ ಜಾಗಕ್ಕೆ 70 ಗ್ರಾಂ ಪನೀರ್ ಇಟ್ಟುಕೊಳ್ಳಬಹುದು. ಪೌಡರ್ ಬೇಕೇಬೇಕೆಂದಿಲ್ಲ, ಅಡುಗೆಗೆ ಸಮಯವಿಲ್ಲದವರಿಗೆ ಅದು ಅನುಕೂಲ ಅಷ್ಟೇ.

ಹಂತ 6: ನಿದ್ದೆ

ಒಂದು ರಾತ್ರಿ ನಿದ್ದೆಗೆಟ್ಟರೆ ಶಕ್ತಿ ಅಷ್ಟಾಗಿ ಕುಸಿಯುವುದಿಲ್ಲ. ಸತತವಾಗಿ ಹಲವು ರಾತ್ರಿ ಕಡಿಮೆಯಾದಾಗ ಪೆಟ್ಟು ಬೀಳುತ್ತದೆ, ಅದೂ ಸ್ಕ್ವಾಟ್-ಬೆಂಚ್‌ನಂಥ ದೊಡ್ಡ ಲಿಫ್ಟ್‌ಗಳಲ್ಲಿ ಹೆಚ್ಚು. ವಾರದ ಸರಾಸರಿ 7 ಗಂಟೆಯ ಆಸುಪಾಸು ಇದ್ದರೆ ನಿದ್ದೆ ಮೊದಲ ಅನುಮಾನವಲ್ಲ. 6ಕ್ಕಿಂತ ಕೆಳಗಿದ್ದರೆ ಬೇರೆ ಏನನ್ನೂ ಮುಟ್ಟುವ ಮೊದಲು ಅದನ್ನು ಸರಿಮಾಡಿ.

ನಡುವೆ ಇದ್ದರೆ ಡೈರಿ ತೆಗೆಯಿರಿ. ಚೆನ್ನಾಗಿ ಎತ್ತಿದ ದಿನಗಳಿಗೂ ಕೆಟ್ಟ ದಿನಗಳಿಗೂ ಹಿಂದಿನ ಎರಡು-ಮೂರು ರಾತ್ರಿ ಎಷ್ಟು ಮಲಗಿದ್ದಿರಿ ನೋಡಿ. ರಜೆ ಮುಗಿದ ಸೋಮವಾರ ಚೆನ್ನಾಗಿ ಹೋಗಿ, ಗುರುವಾರ ಶುಕ್ರವಾರ ಬಾರ್ ಭಾರವೆನಿಸುತ್ತಿದ್ದರೆ ನಿದ್ದೆಯ ಮೇಲೆ ಅನುಮಾನ ಪಡಬಹುದು.

ಸಂಜೆ ಜಿಮ್‌ಗೆ ಹೋಗುವವರಿಗೆ ಒಂದು ಎಚ್ಚರಿಕೆ. ಕುಡಿದ ಕೆಫೀನ್‌ನ ಅರ್ಧ ಭಾಗ ದೇಹದಿಂದ ಹೊರಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ 7ಕ್ಕೆ ಪ್ರೀ-ವರ್ಕೌಟ್ ಕುಡಿದರೆ ಮಧ್ಯರಾತ್ರಿಗೂ ಅರ್ಧ ಒಳಗೇ ಇರುತ್ತದೆ. ಇವತ್ತಿನ ಉತ್ಸಾಹಕ್ಕೆ ನಾಳೆಯ ನಿದ್ದೆ ಅಡ ಇಟ್ಟಂತೆ. ರಾತ್ರಿ ಪಾಳಿಯವರು ಸರಾಸರಿಯನ್ನು 24 ಗಂಟೆಗೆ ಲೆಕ್ಕ ಹಾಕಿ, ಹಗಲಿನ ನಿದ್ದೆಯನ್ನೂ ಸೇರಿಸಿ.

ಹುಬ್ಬಳ್ಳಿಯವರ ಸರಾಸರಿ 6 ಗಂಟೆ 50 ನಿಮಿಷ. ಕೆಟ್ಟ ದಿನಗಳಿಗೂ ನಿದ್ದೆಗೂ ಹೊಂದಿಕೆ ಕಾಣಲಿಲ್ಲ. ಅದನ್ನು ಹಾಗೇ ಬಿಟ್ಟೆವು.

ಹಂತ 7: ತರಬೇತಿಯ ಹೊರೆ

ಇಲ್ಲಿ ಕಾರಣ ಎರಡು ಬಗೆ, ಒಂದಕ್ಕೊಂದು ವಿರುದ್ಧ. ಹೊರೆ ಕಡಿಮೆಯಾದರೆ ದೇಹಕ್ಕೆ ಬೆಳೆಯುವ ಕಾರಣವೇ ಇರುವುದಿಲ್ಲ. ಜಾಸ್ತಿಯಾದರೆ ದಣಿವು ಆರುವಷ್ಟು ಸಮಯ ಸಿಗುವುದಿಲ್ಲ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ.

ಮೊದಲು ಎಣಿಸಿ. ಉಳಿಸಿದ ರೆಪ್ 3 ಅಥವಾ ಅದಕ್ಕಿಂತ ಕಡಿಮೆ ಇರುವ ಸೆಟ್ ಮಾತ್ರ 'ಗಟ್ಟಿ ಸೆಟ್'. ವಾರ್ಮ್‌ಅಪ್ ಸೇರುವುದಿಲ್ಲ. ಒಂದು ಸ್ನಾಯುವಿಗೆ ವಾರಕ್ಕೆ 10ರಿಂದ 20 ಗಟ್ಟಿ ಸೆಟ್ ಹೆಚ್ಚಿನವರಿಗೆ ಸಾಕು. ಎಣಿಸುವಾಗ ಬೆಂಚ್ ಪ್ರೆಸ್ ಒಂದನ್ನೇ ಹಿಡಿಯಬೇಡಿ. ಇನ್‌ಕ್ಲೈನ್, ಡಿಪ್ಸ್, ಪುಷ್‌ಅಪ್ ಎಲ್ಲವೂ ಎದೆಯ ಲೆಕ್ಕಕ್ಕೇ ಬರುತ್ತವೆ.

ಆಮೇಲೆ ವಿರಾಮ ನೋಡಿ. ಭಾರದ ಸೆಟ್‌ಗಳ ನಡುವೆ 2-3 ನಿಮಿಷ ಬೇಕು. ನಿಮ್ಮ ರೆಪ್‌ಗಳು 5, 3, 2 ಎಂದು ಬೀಳುತ್ತಿದ್ದು, ಮೂರು ನಿಮಿಷ ಕೂತಾಗ 5, 5, 4 ಆದರೆ ತೊಂದರೆ ವಿರಾಮದ್ದೇ. ಜಿಮ್‌ನಲ್ಲಿ ಬೆಂಚ್‌ಗೆ ಕ್ಯೂ ಇದ್ದಾಗ ಅವಸರ ಮಾಡುವವರು ಇದನ್ನು ಮೊದಲು ಪರೀಕ್ಷಿಸಿ.

ಎರಡೂ ಸರಿಯಿದೆ, ಆದರೂ ಕಡಿಮೆಯೋ ಜಾಸ್ತಿಯೋ ಗೊತ್ತಾಗುತ್ತಿಲ್ಲ ಎಂದರೆ ಒಂದು ವಾರ ಡೀಲೋಡ್ ಮಾಡಿ. ಅಂದರೆ ಹೊರೆ ಇಳಿಸುವ ವಾರ. ವ್ಯಾಯಾಮಗಳು ಅವೇ, ಸೆಟ್ ಅರ್ಧ, ತೂಕ ಹತ್ತನೇ ಒಂದು ಭಾಗ ಕಡಿಮೆ, ಒಂದು ಸೆಟ್ಟೂ ಫೇಲ್ಯೂರ್‌ವರೆಗೆ ಹೋಗಬಾರದು. ನಂತರದ ವಾರದ ಮೊದಲ ದಿನ ಹಳೆಯ ತೂಕವನ್ನೇ ಎತ್ತಿ. ರೆಪ್ ಏರಿದರೆ ಶಕ್ತಿ ಮೊದಲೇ ಇತ್ತು, ದಣಿವಿನ ಕೆಳಗೆ ಮುಚ್ಚಿಹೋಗಿತ್ತು ಎಂದರ್ಥ. ಹೊರೆ ಇಳಿಸಿ. ಏನೂ ಬದಲಾಗದಿದ್ದರೆ, ಊಟ-ನಿದ್ದೆಯೂ ಸರಿಯಿದ್ದರೆ, ಆ ಲಿಫ್ಟ್‌ಗೆ ವಾರಕ್ಕೆ 2-3 ಗಟ್ಟಿ ಸೆಟ್ ಸೇರಿಸಿ ನೋಡಿ. ಡೀಲೋಡ್ ವಾರದಲ್ಲಿ "ಇವತ್ತು ಹಗುರ ಎನಿಸುತ್ತಿದೆ" ಎಂದು ತೂಕ ಸೇರಿಸಿದರೆ ಪರೀಕ್ಷೆ ಕೆಟ್ಟುಹೋಗುತ್ತದೆ. ಭುಜ ಅಥವಾ ಮೊಣಕೈ ಚುಚ್ಚಿದಂತೆ ನೋಯುತ್ತಿದ್ದರೆ ಇದು ಪ್ಲ್ಯಾಟೋ ಅಲ್ಲ. ಮೊದಲು ಆ ನೋವನ್ನು ತೋರಿಸಿ.

ಪ್ಲೇಟ್‌ಗಳ ಬಗ್ಗೆಯೂ ಒಂದು ಮಾತು. ಹೆಚ್ಚಿನ ಜಿಮ್‌ಗಳಲ್ಲಿ ಅತಿ ಸಣ್ಣ ಪ್ಲೇಟ್ 1.25 ಕೆ.ಜಿ. ಎರಡೂ ಬದಿಗೆ ಹಾಕಿದರೆ 2.5. ಡೆಡ್‌ಲಿಫ್ಟ್ 105ಕ್ಕೆ ಇದು ಸಣ್ಣ ಮೆಟ್ಟಿಲು. ಬೆಂಚ್ 60ಕ್ಕೆ ಶೇಕಡಾ 4ಕ್ಕೂ ಹೆಚ್ಚು. 30 ಕೆ.ಜಿ. ಶೋಲ್ಡರ್ ಪ್ರೆಸ್‌ಗೆ ಶೇಕಡಾ 8. ಅಲ್ಲಿ ನೇರವಾಗಿ ತೂಕ ಏರಿಸಲು ಹೋದರೆ ಎಡವುವುದು ಸಹಜ. ಆದ್ದರಿಂದ ಅದೇ ತೂಕದಲ್ಲಿ 5 ರೆಪ್‌ನಿಂದ 8ಕ್ಕೆ ಹೋಗಿ, ಎಲ್ಲ ಸೆಟ್‌ನಲ್ಲೂ 8 ಬಂದ ಮೇಲೆ ಪ್ಲೇಟ್ ಸೇರಿಸಿ.

ಹಂತ 8: ಒಂದನ್ನು ಬದಲಿಸಿ, ಮೂರು-ನಾಲ್ಕು ವಾರ ಕಾಯಿರಿ

ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣ ಸಿಕ್ಕಿತು ಎಂದು ಮುಂದಿನ ಸಲಕ್ಕೂ ಗೊತ್ತಾಗುವುದಿಲ್ಲ. ಹುಬ್ಬಳ್ಳಿಯವರು ಮೊದಲು ಊಟವನ್ನಷ್ಟೇ ಬದಲಿಸಿದರು. ನಾಲ್ಕು ವಾರದಲ್ಲಿ ಮೈತೂಕ 72.6ಕ್ಕೆ ಬಂತು. ಸ್ಕ್ವಾಟ್ 87.5 ಕೆ.ಜಿ. 6 ರೆಪ್, ಡೆಡ್‌ಲಿಫ್ಟ್ 110 ಕೆ.ಜಿ. 5 ರೆಪ್. ಬೆಂಚ್ ಮಾತ್ರ 60ರಲ್ಲಿ 5.

ಈಗ ಹಂತ 3ರ ಉತ್ತರವೇ ಬದಲಾಗಿತ್ತು. ನಿಂತದ್ದು ಒಂದೇ ಲಿಫ್ಟ್. ಎದೆಯ ಗಟ್ಟಿ ಸೆಟ್ ಎಣಿಸಿದೆವು. ಬೆಂಚ್ ವಾರಕ್ಕೆ ಮೂರು ದಿನ ನಾಲ್ಕು ಸೆಟ್, ಎಲ್ಲವೂ ಫೇಲ್ಯೂರ್‌ವರೆಗೆ: 12. ಇನ್‌ಕ್ಲೈನ್ ಡಂಬೆಲ್ 9, ಡಿಪ್ಸ್ 6. ಒಟ್ಟು 27. ಕಾಲಿಗೆ ವಾರಕ್ಕೆ 11 ಇತ್ತು. ಏರದ ಲಿಫ್ಟ್‌ಗೆ ಇನ್ನಷ್ಟು ಸೆಟ್ ಸೇರಿಸುತ್ತಾ ಹೋಗಿದ್ದರಿಂದ ಹೀಗಾಗಿತ್ತು. ಒಂದು ವಾರ ಡೀಲೋಡ್ ಮಾಡಿ ಬಂದ ಮೊದಲ ದಿನ ಅದೇ 60 ಕೆ.ಜಿ. 7 ಸಲ ಹೋಯಿತು.

ಆಮೇಲೆ ಬೆಂಚ್ ವಾರಕ್ಕೆ ಎರಡೇ ದಿನ. ಒಂದು ದಿನ 60 ಕೆ.ಜಿ. ಮೂರು ಸೆಟ್, ಒಂದೆರಡು ರೆಪ್ ಉಳಿಸಿಕೊಂಡು. ಇನ್ನೊಂದು ದಿನ 52.5 ಕೆ.ಜಿ. 8-10 ರೆಪ್, ಮೂರು ಸೆಟ್. ಇನ್‌ಕ್ಲೈನ್ ಎರಡು ದಿನಕ್ಕೆ ಸೇರಿ ಆರು ಸೆಟ್. ಡಿಪ್ಸ್ ಇಲ್ಲ. ನಾಲ್ಕನೇ ವಾರ 60 ಕೆ.ಜಿ.ಗೆ ಮೂರೂ ಸೆಟ್‌ನಲ್ಲಿ 8 ರೆಪ್ ಬಂತು. ಮರುವಾರ 62.5 ಕೆ.ಜಿ. 6 ರೆಪ್.

ಎಲ್ಲ ಹಂತ ಮುಗಿಸಿ, ಎರಡು ತಿಂಗಳು ಕಾದರೂ ಎಲ್ಲ ಲಿಫ್ಟ್‌ಗಳೂ ಕೆಳಗೇ ಇದ್ದು, ಮೆಟ್ಟಿಲು ಹತ್ತಿದರೂ ಸುಸ್ತಾಗುತ್ತಿದ್ದರೆ ಜಿಮ್‌ನಲ್ಲಿ ಕಾರಣ ಹುಡುಕುವುದನ್ನು ನಿಲ್ಲಿಸಿ. ವೈದ್ಯರ ಬಳಿ ಹೋಗಿ ಹಿಮೋಗ್ಲೋಬಿನ್, ಥೈರಾಯ್ಡ್, ವಿಟಮಿನ್ ಬಿ12 ಮತ್ತು ಡಿ ಪರೀಕ್ಷೆ ಬೇಕಾಗುತ್ತದೆಯೇ ಎಂದು ಕೇಳಿ. ಸಸ್ಯಾಹಾರಿಗಳು ಬಿ12 ಬಗ್ಗೆ, ಮುಟ್ಟಿನಲ್ಲಿ ರಕ್ತಸ್ರಾವ ಜಾಸ್ತಿ ಇರುವವರು ಹಿಮೋಗ್ಲೋಬಿನ್ ಬಗ್ಗೆ ಮರೆಯದೆ ಹೇಳಿ. ಹೋಗುವಾಗ ಆ ಡೈರಿಯನ್ನೂ ತೆಗೆದುಕೊಂಡು ಹೋಗಿ.